ಫ್ರೆಂಚ್ ಪದ್ಯ ಎಣಿಸಿದರೆ ಒಂದು ಸಾಲಲ್ಲಿ ಬೆರಳು ಸಾಲದು, ಇನ್ನೊಂದರಲ್ಲಿ ಮಿಗುತ್ತೆ: ಕೊನೆಯ ಆ 'ಇ' ಲೆಕ್ಕಕ್ಕೆ ಉಂಟೋ ಇಲ್ಲವೋ?

ಸಂಜೆ_ತರಗತಿ

ನಮಸ್ಕಾರ. ಬೆಂಗಳೂರಿನಲ್ಲಿ ಆಫೀಸು ಮುಗಿಸಿಕೊಂಡು ವಾರಕ್ಕೆ ಎರಡು ಸಂಜೆ ಫ್ರೆಂಚ್ ಕಲಿಯಲು ಹೋಗುತ್ತೇನೆ. ಆರು ತಿಂಗಳಾಯಿತು. ಬರುವ ಶನಿವಾರ ಒಬ್ಬೊಬ್ಬರೂ ಒಂದು ಪದ್ಯ ಗಟ್ಟಿಯಾಗಿ ಓದಬೇಕು, ಹಾಡುವ ಹಾಗಿಲ್ಲ. ನನ್ನ ಪಾಲಿಗೆ ಬಂದದ್ದು 'ಒ ಕ್ಲೇರ್ ದ ಲಾ ಲ್ಯೂನ್'. ಬೆಳದಿಂಗಳಲ್ಲಿ ಒಬ್ಬ ತನ್ನ ಗೆಳೆಯ ಪ್ಯೆರೊನ ಬಾಗಿಲು ಬಡಿದು, ಒಂದು ಮಾತು ಬರೆಯೋಕೆ ಲೇಖನಿ ಕೊಡು ಅಂತ ಕೇಳುವ ಮಕ್ಕಳ ಹಾಡು. ಸುಲಭದ್ದೇ ಸಿಕ್ಕಿತು ಅಂತ ಖುಷಿಪಟ್ಟಿದ್ದೆ.

ಟೀಚರು ಹೇಳಿದ್ದು ಇಷ್ಟೇ: "ಪ್ರತಿ ಸಾಲಿಗೂ ಐದು ಸಿಲಬಲ್, ಎಣಿಸಿಕೊಂಡು ಬನ್ನಿ." ಮನೆಗೆ ಬಂದು ಕನ್ನಡದಲ್ಲಿ ಬರೆದುಕೊಂಡು ಎಣಿಸಿದೆ.

ಒ – ಕ್ಲೇರ್ – ದ – ಲಾ – ಲ್ಯೂ – ನ (ಆರು)
ಮೊಂ – ನ – ಮಿ – ಪ್ಯೆ – ರೊ (ಐದು)
ಪ್ರೆತ್ – ಮ್ವಾ – ತಾ – ಪ್ಲ್ಯೂಮ್ (ನಾಲ್ಕು)
ಪೂರ್ – ಎ – ಕ್ರಿ – ರ – ಅಂ – ಮೊ (ಆರು)

ಎರಡನೇ ಸಾಲು ಬಿಟ್ಟರೆ ಒಂದೂ ಕೂಡಿ ಬರಲಿಲ್ಲ. ತೊಂದರೆ ಎಲ್ಲ ಪದದ ಕೊನೆಯಲ್ಲಿ ಬರುವ 'ಇ', ಅಂದರೆ ರೋಮನ್ ಲಿಪಿಯ e ಅಕ್ಷರದ್ದೇ ಅಂತ ಗೊತ್ತು. ಮೊದಲ ತಿಂಗಳಲ್ಲಿ "ಕೊನೆಯ ಇ ಮೂಕ, ಹೇಳಬೇಡಿ" ಅಂತ ಕಲಿಸಿದ್ದರು. ಈಗ ಅದು ಎಲ್ಲಿ ಮೂಕ, ಎಲ್ಲಿ ಬಾಯಿ ಬಿಡುತ್ತೆ?

ಹುಬ್ಬಳ್ಳಿ_ಹುಡುಗ

ಮೇಡಂ, ಭಾಳ ತಲಿ ಕೆಡಿಸ್ಕೋಬ್ಯಾಡ್ರಿ. ಫ್ರೆಂಚಿನಾಗ ಕೊನೀ 'ಇ' ಯಾವತ್ತೂ ಹೇಳಂಗಿಲ್ಲ, ಅಷ್ಟ. ನಾನು ಎರಡು ವರ್ಷ ಕಲ್ತೀನಿ. ಮೊದಲ್ನೇ ಸಾಲು ಹಂಗ ಐದು ಆಗ್ತದ: ಒ, ಕ್ಲೇರ್, ದ, ಲಾ, ಲ್ಯೂನ್. ಬರೋಬ್ಬರಿ. ನಾಲ್ಕನೇದೂ ಐದು. ಮೂರನೇ ಸಾಲು ನಾಲ್ಕ ಬಂದ್ರ ಬರಲಿ ಬಿಡ್ರಿ, ಮಕ್ಕಳ ಹಾಡು, ಯಾರು ಅಷ್ಟು ಲೆಕ್ಕ ಇಟ್ಟು ಬರೀತಾರ?

ಪಿಯುಸಿ_ಅಮ್ಮ

ನನ್ನ ಮಗಳೂ ಪಿಯುಸಿಯಲ್ಲಿ ಫ್ರೆಂಚ್ ತಗೊಂಡಿದ್ದಾಳೆ. ಮೂಕ ಇ ಬಿಟ್ಟರೆ ಸ್ಪೆಲಿಂಗಿಗೆ ಅಂಕ ಕಳೀತಾರಾ? ಹೋದ ಸಲ ಎರಡು ಅಂಕ ಹೋಯ್ತು. ಹೇಳದೇ ಇರೋ ಅಕ್ಷರವನ್ನು ಬರೆಯೋದಾದರೂ ಯಾಕೆ ಅಂತ ಅವಳ ವಾದ.

ನಿವೃತ್ತ_ಮೇಷ್ಟ್ರು

ಹುಬ್ಬಳ್ಳಿಯವರು ಹೇಳಿದ್ದು ಮೊದಲ ಸಾಲಿಗೆ ಸರಿ, ನಾಲ್ಕನೆಯದಕ್ಕೂ ಉತ್ತರ ಸರಿ. ಆದರೆ ಮೂರನೇ ಸಾಲನ್ನು "ಬರಲಿ ಬಿಡ್ರಿ" ಅಂತ ಬಿಡುವ ಹಾಗಿಲ್ಲ. ಈ ಹಾಡಿನ ಮೊದಲ ನುಡಿಯ ಎಂಟು ಸಾಲುಗಳೂ ಐದೈದೇ. ಮಕ್ಕಳ ಹಾಡಿನಲ್ಲಿ ಲೆಕ್ಕ ಇನ್ನೂ ಬಿಗಿ ಇರುತ್ತೆ, ಮಗು ಕುಣಿಯೋದೇ ಆ ಲೆಕ್ಕಕ್ಕಲ್ಲವೇ!

ತಂಗೀ, ಒಂದು ಕೈ ತೆಗೆದುಕೊಳ್ಳಿ. ಐದು ಬೆರಳು, ಐದು ಸಿಲಬಲ್. ಸಾಲು ಮುಗಿಯುವಾಗ ಕಿರುಬೆರಳು ಮುಗಿದಿರಬೇಕು. ಬೆರಳು ಉಳಿದರೆ ಎಲ್ಲೋ ಒಂದು ಇ ನುಂಗಿದ್ದೀರಿ, ಬೆರಳು ಸಾಲದೇ ಹೋದರೆ ಎಲ್ಲೋ ಒಂದು ಇ ಹೆಚ್ಚಿಗೆ ಹೇಳಿದ್ದೀರಿ. ನಿಮ್ಮ ತಪ್ಪುಗಳೆಲ್ಲ ಇವೆರಡರಲ್ಲೇ ಇವೆ.

ಪದ್ಯದಲ್ಲಿ ಆ ಇ ಏನಾಗುತ್ತೆ ಅನ್ನೋದು ಅದರ ಮುಂದೆ ಯಾರು ನಿಂತಿದ್ದಾರೆ ಅನ್ನುವುದರ ಮೇಲೆ. ಮುಂದಿನ ಪದ ವ್ಯಂಜನದಿಂದ ಶುರುವಾದರೆ ಇ ಬದುಕುತ್ತೆ, ಒಂದು ಬೆರಳು ಪಡೆಯುತ್ತೆ. ಸ್ವರದಿಂದ ಶುರುವಾದರೆ ಕರಗಿ ಹೋಗುತ್ತೆ. ಸಾಲಿನ ಕೊನೆಯಲ್ಲಿದ್ದರೆ ಬರವಣಿಗೆಯಲ್ಲಿ ಇರುತ್ತೆ, ಎಣಿಕೆಯಲ್ಲಿ ಇಲ್ಲ. ನಿಮ್ಮ ನಾಲ್ಕು ಸಾಲಲ್ಲಿ ಈ ಮೂರೂ ಇವೆ, ಅದಕ್ಕೇ ನನಗೆ ಈ ಹಾಡು ಇಷ್ಟ.

ಮೂರನೇ ಸಾಲು ನೋಡಿ. 'ಪ್ರೆತ್' ಅನ್ನುವುದರ ಕೊನೆಯಲ್ಲಿ ಇ ಇದೆ, ಮುಂದೆ 'ಮ್ವಾ', ಅಂದರೆ ಮಕಾರ. ಹಾಗಾಗಿ ಇ ಬದುಕಿತು: ಪ್ರೆ – ತ – ಮ್ವಾ – ತಾ – ಪ್ಲ್ಯೂಮ್. ಐದು. ಕೊನೆಯ 'ಪ್ಲ್ಯೂಮ್'ನಲ್ಲೂ ಇ ಇದೆ, ಆದರೆ ಅದು ಸಾಲಿನ ತುದಿ, ಎಣಿಸಬೇಡಿ.

ನಾಲ್ಕನೇ ಸಾಲಲ್ಲಿ 'ಎಕ್ರಿರ್' ಅಂದರೆ ಬರೆಯುವುದು. ಅದರ ಕೊನೆಗೂ ಇ. ಮುಂದೆ 'ಅಂ', ಸ್ವರ. ಇ ಹೋಯಿತು, ರಕಾರ ಮುಂದಿನ ಸ್ವರಕ್ಕೆ ಅಂಟಿಕೊಂಡಿತು: ಪೂ – ರೆ – ಕ್ರಿ – ರಂ – ಮೊ. ಐದು. ನೀವು 'ರ', 'ಅಂ' ಎರಡನ್ನೂ ಬೇರೆ ಬೇರೆ ಇಟ್ಟದ್ದರಿಂದ ಆರಾಯಿತು.

ಸಂಜೆ_ತರಗತಿ

ಮೇಷ್ಟ್ರೇ, ಈಗ ಕೈ ಹಿಡಿದುಕೊಂಡು ಓದಿದೆ, ನಾಲ್ಕೂ ಕೂಡಿ ಬಂತು! ಆದರೆ ಒಂದು ಅನುಮಾನ. ಒಂದೇ ಅಕ್ಷರ ಒಂದು ಕಡೆ ಹೇಳಿ, ಒಂದು ಕಡೆ ನುಂಗಿ, ಇನ್ನೊಂದು ಕಡೆ ಇದ್ದೂ ಇಲ್ಲದ ಹಾಗೆ ಮಾಡು ಅಂದರೆ ನೆನಪಿಟ್ಟುಕೊಳ್ಳುವುದು ಹೇಗೆ? ನಾಲಿಗೆಗೆ ಒಗ್ಗುತ್ತಲೇ ಇಲ್ಲ.

ನಿವೃತ್ತ_ಮೇಷ್ಟ್ರು

ಒಗ್ಗುತ್ತೆ, ನಿಮಗೆ ಈಗಾಗಲೇ ಒಗ್ಗಿದೆ. ಕನ್ನಡದಲ್ಲಿ ದಿನಾ ಅದನ್ನೇ ಮಾಡುತ್ತೀರಿ, ಗೊತ್ತಿಲ್ಲ ಅಷ್ಟೆ.

'ಊರು' ಅನ್ನೋದರ ಮುಂದೆ 'ಅಲ್ಲಿ' ಬಂದರೆ ನಾವು 'ಊರು ಅಲ್ಲಿ' ಅನ್ನುತ್ತೇವೆಯೇ? 'ಊರಲ್ಲಿ'. ಉಕಾರ ಎಲ್ಲಿ ಹೋಯಿತು? ಶಾಲೆಯಲ್ಲಿ ಲೋಪಸಂಧಿ ಅಂತ ಬಾಯಿಪಾಠ ಮಾಡಿದ್ದು ಇದನ್ನೇ. 'ಎಕ್ರಿರ್' ಮುಂದೆ 'ಅಂ' ಬಂದಾಗ ಆಗುವುದೂ ಇದೇ. ವ್ಯತ್ಯಾಸ ಇಷ್ಟು: ನಾವು ಬಿದ್ದ ಸ್ವರವನ್ನು ಬರೆಯುವುದನ್ನೂ ಬಿಡುತ್ತೇವೆ, ಫ್ರೆಂಚರು ಹೆಚ್ಚಿನ ಕಡೆ ಬರೆದೇ ಬಿಡುತ್ತಾರೆ, ಓದುವವನು ತಾನೇ ಬೀಳಿಸಿಕೊಳ್ಳಬೇಕು.

ಇನ್ನು ವ್ಯಂಜನದ ಮುಂದೆ ಬದುಕುವ ಇ. ಮನೆಯಲ್ಲಿ 'ಹೋಗ್ತಾನೆ' ಅನ್ನುತ್ತೀರಿ, ಮೂರು. ಪದ್ಯದಲ್ಲಿ 'ಹೋಗುತ್ತಾನೆ' ಅಂತ ಬಂದರೆ ಆ ಉಕಾರ ಬಿಟ್ಟು ಓದುತ್ತೀರಾ? ಬಿಟ್ಟರೆ ಲಯ ಎಡವುತ್ತೆ. ಫ್ರೆಂಚರು ಬೀದಿಯಲ್ಲಿ 'ಪ್ರೆತ್ ಮ್ವಾ' ಅಂತಲೇ ಅನ್ನೋದು, ಪದ್ಯದಲ್ಲಿ 'ಪ್ರೆತ ಮ್ವಾ'. ನಿಮ್ಮ ಆರನೇ ಸಾಲು ಇನ್ನೂ ಚೆನ್ನಾಗಿದೆ. 'ಜ – ನೆ – ಪ್ಲ್ಯೂ – ದ – ಫ಼ೋ', ನನ್ನ ಹತ್ತಿರ ಬೆಂಕಿ ಇಲ್ಲ. ಪದ್ಯದಲ್ಲಿ ಐದು. ಇದೇ ಮಾತನ್ನು ಅಡುಗೆಮನೆಯಿಂದ ಕೂಗಿ ಹೇಳಿದರೆ 'ಜೆ – ಪ್ಲ್ಯೂ – ದ್ಫ಼ೋ' ಆಗುತ್ತೆ, ಮೂರೇ.

ಗಮಕಪ್ರಿಯ

ಮೇಷ್ಟ್ರಿಗೆ ನಮಸ್ಕಾರ. ನನಗೆ ಫ್ರೆಂಚ್ ಬಾರದು, ಆದರೆ ಮೂವತ್ತು ವರ್ಷದಿಂದ ಗಮಕ ಓದುತ್ತಿದ್ದೇನೆ, ಹಾಗಾಗಿ ಛಂದಸ್ಸು ಅಂದರೆ ಕಿವಿ ನೆಟ್ಟಗಾಗುತ್ತೆ. ನೀವು ಹೇಳಿದ ಸಾಲಿಗೆ ಪ್ರಸ್ತಾರ ಹಾಕಿ ನೋಡಿದೆ. 'ಕ್ಲೇರ್' ದೀರ್ಘ, ಮೇಲೆ ವ್ಯಂಜನ ಬೇರೆ, ಗುರು. 'ದ' ಲಘು. 'ಲಾ' ಗುರು. ಮೊದಲ ಸಾಲಿಗೆ ಎಂಟು ಮಾತ್ರೆ, ಎರಡನೆಯದಕ್ಕೆ ಆರೇ ಬರುತ್ತಿದೆ. ಭಾಮಿನಿಯಲ್ಲಿ ಮೂರು ನಾಲ್ಕು ಮೂರು ನಾಲ್ಕು ಅಂತ ಹೇಗೆ ಅಚ್ಚುಕಟ್ಟಾಗಿ ನಿಲ್ಲುತ್ತೆ! ಇಲ್ಲಿ ಸಾಲುಗಳು ಸಮವೇ ಇಲ್ಲವಲ್ಲ?

ನಿವೃತ್ತ_ಮೇಷ್ಟ್ರು

ಗಮಕಿಗಳೇ, ನಿಮ್ಮ ತಕ್ಕಡಿ ಬೇರೆ. ಫ್ರೆಂಚ್ ಪದ್ಯದಲ್ಲಿ ಲಘು ಗುರು ತೂಗುವುದೇ ಇಲ್ಲ, ತಲೆ ಎಣಿಸುತ್ತಾರೆ. 'ಕ್ಲೇರ್'ಗೂ ಒಂದು ಬೆರಳು, 'ದ'ಗೂ ಒಂದು ಬೆರಳು. ನಮ್ಮ ವೃತ್ತಗಳಲ್ಲೂ ಅಕ್ಷರ ಎಣಿಸುತ್ತೇವೆ, ಉತ್ಪಲಮಾಲೆಗೆ ಇಪ್ಪತ್ತು, ಚಂಪಕಮಾಲೆಗೆ ಇಪ್ಪತ್ತೊಂದು. ಆದರೆ ಅಲ್ಲಿ ಯಾವ ಜಾಗದಲ್ಲಿ ಗುರು, ಯಾವ ಜಾಗದಲ್ಲಿ ಲಘು ಅಂತ ನಿಗದಿ. ಫ್ರೆಂಚಿನಲ್ಲಿ ಆ ನಿಗದಿಯೂ ಇಲ್ಲ.

ನಿಮ್ಮ ಮಾತಿನಿಂದ ತಂಗಿಗೆ ಒಂದು ಉಪಯೋಗ ಇದೆ. ಕನ್ನಡದವರು ಫ್ರೆಂಚ್ ಪದ್ಯ ಓದುವಾಗ ಗೊತ್ತಿಲ್ಲದೆ ಮಾತ್ರೆ ಹಾಕುತ್ತಾರೆ, 'ಲಾ'ವನ್ನು ಎಳೆಯುತ್ತಾರೆ, 'ದ'ವನ್ನು ಮೊಟಕು ಮಾಡುತ್ತಾರೆ. ಮೊದಲು ಎಲ್ಲವನ್ನೂ ಒಂದೇ ಅಳತೆಯಲ್ಲಿ, ಹೊಲಿಗೆ ಮಿಷನ್ ಹಾಕಿದ ಹಾಗೆ ಓದಿ. ಆಮೇಲೆ ಸಾಲಿನ ಐದನೆಯದರ ಮೇಲೆ ಮಾತ್ರ ಸ್ವಲ್ಪ ಭಾರ ಬಿಡಿ. ಒ ಕ್ಲೇರ್ ದ ಲಾ ಲ್ಯೂನ್. ಮೊಂ ನ ಮಿ ಪ್ಯೆ ರೊ.

ತುಲೂಸ್_ಕನ್ನಡಿಗ

ತಡವಾಗಿ ಬಂದೆ, ಕ್ಷಮಿಸಿ. ಮೇಷ್ಟ್ರು ಹೇಳಿದ್ದು ಪುಸ್ತಕದ ಪ್ರಕಾರ ಸರಿ. ಆದರೆ ನಾನಿರುವ ಊರಲ್ಲಿ ಕೇಳಿದರೆ ನಿಮ್ಮ ಲೆಕ್ಕ ತಲೆಕೆಳಗು! ಇಲ್ಲಿ ಫ್ರಾನ್ಸಿನ ದಕ್ಷಿಣದಲ್ಲಿ ಹಳೇ ತಲೆಮಾರಿನವರು ಮಾತಾಡುವಾಗಲೂ ಕೊನೆಯ ಇ ಹೇಳುತ್ತಾರೆ. ಎದುರು ಮನೆ ಅಜ್ಜಿ 'ಲ್ಯೂನ' ಅಂತಲೇ ಅನ್ನುವುದು. ಮೊದಲ ವರ್ಷ ನಾನು ಅದನ್ನು ತಪ್ಪು ಅಂದುಕೊಂಡಿದ್ದೆ. ಪ್ಯಾರಿಸ್ಸಿನವರು ಅಣಕಿಸೋದೂ ಇದನ್ನೇ.

ಇನ್ನೊಂದು. ಹಾಡುವಾಗ ಉತ್ತರದವರೂ ಆ ಇ ಹೇಳುತ್ತಾರೆ. ಈ ಹಾಡಿನ ಮೊದಲ ಸಾಲಿನ ಸ್ವರ ಎಣಿಸಿ: ಸ ಸ ಸ ರಿ ಗ ರಿ, ಆರು. 'ಲ್ಯೂ'ಗೆ ಗ, 'ನ'ಗೆ ರಿ. ಎರಡನೇ ಸಾಲು ಸ ಗ ರಿ ರಿ ಸ, ಐದು. ಟೀಚರು ಐದು ಅಂದರೂ ಹಾಡು ಆರು ಅನ್ನುತ್ತೆ. ಸಂಜೆ ತರಗತಿಯವರು ಮೊದಲು ಆರು ಎಣಿಸಿದ್ದಕ್ಕೆ ಕಾರಣ ಕಿವಿಯಲ್ಲಿ ಹಾಡು ಕೂತಿರಬೇಕು.

ಹಾಡಿನ ಮಾತು ಬಂತು ಅಂತ ಹೇಳ್ತೀನಿ: 1860ರ ಏಪ್ರಿಲ್ 9ರಂದು ಎದುವಾರ್ ಲೆಯೊಂ ಸ್ಕಾಟ್ ದ ಮಾರ್ತಿನ್‌ವಿಲ್ ಅನ್ನುವವರು ಮಸಿ ಹಿಡಿಸಿದ ಕಾಗದದ ಮೇಲೆ ಧ್ವನಿಯ ಗೆರೆ ಮೂಡಿಸಿದ್ದು ಇದೇ ಹಾಡಿನ ತುಣುಕಿನಿಂದ. ಆ ಯಂತ್ರ ಬರೆಯುತ್ತಿತ್ತು ಅಷ್ಟೆ, ವಾಪಸ್ ನುಡಿಸುತ್ತಿರಲಿಲ್ಲ. 2008ರಲ್ಲಿ ಕಂಪ್ಯೂಟರಿನಿಂದ ಆ ಗೆರೆಗಳನ್ನು ಧ್ವನಿ ಮಾಡಿದರು. ಮೊದಲು ವೇಗ ಹೆಚ್ಚಾಗಿ ಹುಡುಗಿ ಹಾಡಿದ ಹಾಗೆ ಕೇಳಿತಂತೆ, ಆಮೇಲೆ ನಿಧಾನ ಮಾಡಿದಾಗ ಗಂಡು ದನಿ.

ಹುಬ್ಬಳ್ಳಿ_ಹುಡುಗ

ಅಂದ್ರ ನಾನು 'ಯಾವತ್ತೂ ಹೇಳಂಗಿಲ್ಲ' ಅಂದಿದ್ದು ತಪ್ಪು, ಒಪ್ಪಿದೆ. ಆದ್ರ ಮೇಷ್ಟ್ರ, ಒಂದು ಹೇಳ್ರಿ. ಸಾಲಿನ ತುದ್ಯಾಗ ಹೇಳೂದಿಲ್ಲ, ಎಣಿಸೂದೂ ಇಲ್ಲ ಅಂದಮ್ಯಾಲ ಅದು ಅಲ್ಲಿ ಯಾಕ ಕುಂತದ? ಪಿಯುಸಿ ಅಕ್ಕಾರ ಮಗಳು ಕೇಳಿದ್ದು ಖರೇನ ಐತಿ.

ನಿವೃತ್ತ_ಮೇಷ್ಟ್ರು

ಆ ಹುಡುಗಿಯ ಪ್ರಶ್ನೆಯನ್ನು ನಾನೇ ಬಿಟ್ಟುಬಿಟ್ಟೆ, ತಪ್ಪಾಯಿತು. ಐದನೇ ಸಾಲಿನಿಂದ ನೋಡೋಣ.

ಮಾ – ಶಾಂ – ದೆ – ಲೆ – ಮೊರ್ತ್
ಜ – ನೆ – ಪ್ಲ್ಯೂ – ದ – ಫ಼ೋ
ಊ – ವ್ರ – ಮ್ವಾ – ತಾ – ಪೊರ್ತ್
ಪೂರ್ – ಲ – ಮೂರ್ – ದ – ದ್ಯೋ

ಮೋಂಬತ್ತಿ ಆರಿದೆ, ಬೆಂಕಿ ಇಲ್ಲ, ಬಾಗಿಲು ತೆಗೆ, ದೇವರಾಣೆಗೂ. 'ಶಾಂದೆಲ್' ಮುಂದೆ 'ಎ' ಬಂದದ್ದರಿಂದ ಅದರ ಇ ಕರಗಿತು. 'ಊವ್ರ' ಮುಂದೆ ಮಕಾರ, ಅದರ ಇ ಬದುಕಿತು. ಇದು ಹಳೆಯ ಪಾಠ, ಬಿಡಿ.

ತುದಿಯ 'ಮೊರ್ತ್' ನೋಡಿ. ಫ್ರೆಂಚಿನಲ್ಲಿ ಪದದ ಕೊನೆಯ ವ್ಯಂಜನ ಅನೇಕ ಸಲ ಕೇಳಿಸುವುದೇ ಇಲ್ಲ. ಸತ್ತ ಗಂಡಸಿಗೆ 'ಮೊರ್', ತಕಾರ ಬರೆದರೂ ಹೇಳುವುದಿಲ್ಲ. ಅದಕ್ಕೆ ಒಂದು ಇ ಸೇರಿಸಿದರೆ ಹೆಣ್ಣಿನ ರೂಪ, 'ಮೊರ್ತ್', ಈಗ ತಕಾರ ಕೇಳುತ್ತೆ. ಮೋಂಬತ್ತಿ ಆ ಭಾಷೆಯಲ್ಲಿ ಹೆಣ್ಣು, ಹಾಗಾಗಿ 'ಮೊರ್ತ್'. 'ಪೊರ್' ಅಂದರೆ ಬಂದರು, ಇ ಸೇರಿದರೆ 'ಪೊರ್ತ್', ಬಾಗಿಲು. ಇ ತಾನು ಬಾಯಿ ಬಿಡದಿದ್ದರೂ ತನ್ನ ಹಿಂದಿನ ವ್ಯಂಜನದ ಬಾಯಿ ಬಿಡಿಸುತ್ತೆ. ಮಗಳಿಗೆ ಹೇಳಿ ಅಮ್ಮ, ಅದನ್ನು ಬಿಟ್ಟು ಬರೆದರೆ ಬಾಗಿಲು ಹೋಗಿ ಬಂದರು ಆಗುತ್ತೆ, ಅಂಕ ಹೋಗೋದು ಸಹಜ.

ಪ್ರಾಸಕ್ಕೂ ಇದರಿಂದಲೇ ಎರಡು ಜಾತಿ. ಇ-ಯಲ್ಲಿ ಮುಗಿಯುವ ಪ್ರಾಸಕ್ಕೆ ಹೆಣ್ಣು ಪ್ರಾಸ ಅಂತಾರೆ, ಉಳಿದದ್ದು ಗಂಡು. ಲ್ಯೂನ್ ಹೆಣ್ಣು, ಪ್ಯೆರೊ ಗಂಡು, ಪ್ಲ್ಯೂಮ್ ಹೆಣ್ಣು, ಮೊ ಗಂಡು, ಮೊರ್ತ್ ಹೆಣ್ಣು, ಫ಼ೋ ಗಂಡು, ಪೊರ್ತ್ ಹೆಣ್ಣು, ದ್ಯೋ ಗಂಡು. ಒಂದು ಬಿಟ್ಟು ಒಂದು. ಶತಮಾನಗಟ್ಟಲೆ ಫ್ರೆಂಚ್ ಕವಿಗಳು ಈ ಸರದಿ ತಪ್ಪಿಸಲಿಲ್ಲ. ಗಟ್ಟಿಯಾಗಿ ಓದಿದಾಗ ಅದು ಕೇಳುತ್ತೆ ಕೂಡ: ಒಂದು ಸಾಲು ವ್ಯಂಜನದಲ್ಲಿ ಮುಚ್ಚಿಕೊಳ್ಳುತ್ತೆ, ಮುಂದಿನದು ಸ್ವರದಲ್ಲಿ ತೆರೆದುಕೊಳ್ಳುತ್ತೆ. ಎಲ್ಲ ಪದ್ಯದಲ್ಲೂ ಇಷ್ಟು ಸ್ಪಷ್ಟವಾಗಿ ಕೇಳುವುದಿಲ್ಲ, ಇಲ್ಲಿ ಕೇಳುತ್ತೆ.

ಗಮಕಪ್ರಿಯ

ನಮ್ಮ ಆದಿಪ್ರಾಸದಲ್ಲಿ ಎರಡನೇ ಅಕ್ಷರದ ವ್ಯಂಜನ ಒಂದೇ ಆದರೆ ಸಾಕು, ಸ್ವರ ಏನಿದ್ದರೂ ನಡೆಯುತ್ತೆ. ಅವರದು?

ನಿವೃತ್ತ_ಮೇಷ್ಟ್ರು

ಸರಿಯಾಗಿ ಉಲ್ಟಾ. ಅವರಿಗೆ ಸ್ವರವೇ ಕಂಬ. ಸಾಲಿನ ಕೊನೆಯ ಹೇಳುವ ಸ್ವರ ಕೂಡಬೇಕು, ಅದರ ನಂತರ ಕೇಳುವ ವ್ಯಂಜನವೂ ಕೂಡಬೇಕು. ಫ಼ೋ, ದ್ಯೋ ಎರಡರಲ್ಲೂ ಸ್ವರ ಮಾತ್ರ ಸಮ, ಅದಕ್ಕೆ ಬಡ ಪ್ರಾಸ ಅಂತ ಹೆಸರು. ಆ ಸ್ವರ ನಮ್ಮ ಓಕಾರ ಅಲ್ಲ, ನಾಲಿಗೆಯನ್ನು ಏಕಾರಕ್ಕೆ ಇಟ್ಟು ತುಟಿಯನ್ನು ಓಕಾರಕ್ಕೆ ದುಂಡಗೆ ಮಾಡಬೇಕು. ಮೊರ್ತ್, ಪೊರ್ತ್‌ಗಳಲ್ಲಿ ಸ್ವರದ ಜೊತೆ ಎರಡು ವ್ಯಂಜನವೂ ಸಮ, ಅದು ಗಟ್ಟಿ.

ಹುಬ್ಬಳ್ಳಿ_ಹುಡುಗ

ಸಿಕ್ಕಿತ್ರಿ! ಹಂಗಾರ ಲ್ಯೂನ್, ಪ್ಲ್ಯೂಮ್ ಹೆಂಗ ಪ್ರಾಸ ಆಗ್ತಾವ? ಒಂದು ನಕಾರ, ಒಂದು ಮಕಾರ. ನಿಮ್ಮ ನಿಯಮನ ಮೊದಲ್ನೇ ಜೋಡೀನಾಗ ಮುರೀತಲ್ಲ.

ನಿವೃತ್ತ_ಮೇಷ್ಟ್ರು

ಮುರಿಯಿತು. ಒಪ್ಪಿದೆ. ಅದು ಪ್ರಾಸ ಅಲ್ಲ, ಸ್ವರ ಮಾತ್ರ ಕೂಡಿದೆ. ಜನಪದ ಹಾಡುಗಳು ಅಷ್ಟಕ್ಕೇ ತೃಪ್ತಿಪಡುತ್ತವೆ. ಸಂಖ್ಯೆಯಲ್ಲಿ ಬಿಗಿ, ಪ್ರಾಸದಲ್ಲಿ ಸಡಿಲ.

ತುಲೂಸ್_ಕನ್ನಡಿಗ

ನನಗೆ ಅದು ಪ್ರಾಸವಾಗಿಯೇ ಕೇಳುತ್ತೆ. ಎರಡೂ ಮೂಗಿನ ವ್ಯಂಜನ, ಹಾಡುವಾಗ ಮೇಲೆ ಇ ಬಂದು ಕೂರುತ್ತೆ, ಲ್ಯೂ-ನ, ಪ್ಲ್ಯೂ-ಮ. ಇಲ್ಲಿ ಮಕ್ಕಳು ಯಾರೂ ಇದು ಪ್ರಾಸ ಅಲ್ಲ ಅಂತ ದೂರು ಕೊಟ್ಟದ್ದು ಕೇಳಿಲ್ಲ.

ಇದಕ್ಕೆ ಉಲ್ಟಾ ಒಂದಿದೆ. ಸಮುದ್ರಕ್ಕೆ 'ಮೇರ್', ತಾಯಿಗೂ 'ಮೇರ್'. ಕಿವಿಗೆ ಕೂದಲೆಳೆ ವ್ಯತ್ಯಾಸ ಇಲ್ಲ. ಆದರೆ ತಾಯಿಗೆ ಕೊನೆಯಲ್ಲಿ ಇ ಇದೆ, ಸಮುದ್ರಕ್ಕೆ ಇಲ್ಲ, ಹಳೆಯ ನಿಯಮದಲ್ಲಿ ಇವೆರಡನ್ನು ಪ್ರಾಸ ಮಾಡುವ ಹಾಗಿಲ್ಲ. ಕಿವಿಗೆ ಕೇಳದ್ದಕ್ಕೆ ಕಾನೂನು ಯಾಕೆ ಮೇಷ್ಟ್ರೇ?

ನಿವೃತ್ತ_ಮೇಷ್ಟ್ರು

ಕಾನೂನು ಮಾಡಿದ ಕಾಲಕ್ಕೆ ಕೇಳುತ್ತಿತ್ತು. ಹಿಂದೆ ಆ ಇ-ಯನ್ನು ಮೆಲ್ಲಗಾದರೂ ಹೇಳುತ್ತಿದ್ದರು. ದನಿ ಸವೆದು ಹೋಯಿತು, ನಿಯಮ ಉಳಿಯಿತು. ನಿಮ್ಮ ಎದುರು ಮನೆ ಅಜ್ಜಿಯ ಬಾಯಲ್ಲಿ ಅದು ಇನ್ನೂ ಜೀವಂತ ಇದೆ, ಆಕೆಗೆ ಎರಡೂ 'ಮೇರ್' ಬೇರೆ ಬೇರೆ ಕೇಳುತ್ತವೆ. ನಾನಾದರೆ ಆಕೆಯನ್ನು ಕೂರಿಸಿಕೊಂಡು ಹಳೇ ಪದ್ಯ ಓದಿಸುತ್ತಿದ್ದೆ.

ಸಂಜೆ_ತರಗತಿ

ಇವತ್ತು ಓದಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದೆ. ಬೆರಳು ಕೂಡುತ್ತಿವೆ, ಆದರೂ ಏನೋ ಸರಿಯಿಲ್ಲ. 'ಲ್ಯೂನ್' ಅಂತ ಹೇಳಿದ್ದೇನೆ ಅಂದುಕೊಂಡರೆ ರೆಕಾರ್ಡಿಂಗ್‌ನಲ್ಲಿ 'ಲ್ಯೂನು' ಅಂತ ಕೇಳುತ್ತಿದೆ. 'ಪ್ಲ್ಯೂಮು', 'ಪೊರ್ತು'. ಗಂಡನಿಗೆ ಕೇಳಿಸಿದರೆ "ಬಸ್ಸು ಕಾರು ಅಂದ ಹಾಗಿದೆ" ಅಂತ ನಕ್ಕರು.

ನಿವೃತ್ತ_ಮೇಷ್ಟ್ರು

ಯಜಮಾನರು ಸರಿಯಾಗಿ ಹಿಡಿದಿದ್ದಾರೆ! ಇದು ಕನ್ನಡಿಗರ ಸ್ವಂತ ತಪ್ಪು. ನಮ್ಮ ನಾಲಿಗೆಗೆ ವ್ಯಂಜನದಲ್ಲಿ ಪದ ಮುಗಿಸಿ ಅಭ್ಯಾಸ ಇಲ್ಲ, ಒಂದು ಉಕಾರ ತಂದು ಕೂರಿಸುತ್ತೇವೆ. ಫ್ರೆಂಚರು ಸುಮ್ಮನಿರಿಸಿದ ಇ-ಗೆ ನಾವು ಉ ಅಂತ ವೇಷ ಹಾಕಿಸಿ ವಾಪಸ್ ಕರೆತರುತ್ತೇವೆ. ಐದರ ಸಾಲು ಮತ್ತೆ ಆರು.

ಹಾಗಂತ ನಕಾರವನ್ನು ನುಂಗಲೂ ಬೇಡಿ. ನಾಲಿಗೆ ಮೇಲಿನ ಹಲ್ಲಿನ ಹಿಂದೆ ತಾಗಿ ನಿಲ್ಲಲಿ, ಮೂಗಿನಲ್ಲಿ ನಕಾರ ಒಂದು ಗಳಿಗೆ ಮೊಳಗಲಿ, ತುಟಿ ಮುಂದಕ್ಕೆ ಚಾಚದೆ ಬಿಡಿ. ಉಕಾರ ಬರುವುದು ಬಿಡುವಾಗ ತುಟಿ ದುಂಡಗಾದರೆ. 'ಲ್ಯೂ' ಹೇಳುವಾಗ ತುಟಿ ಆಗಲೇ ದುಂಡಗಿರುತ್ತೆ, ಅದಕ್ಕೇ ಈ ಪದ್ಯದಲ್ಲಿ ಕಷ್ಟ ಜಾಸ್ತಿ. ನಕಾರಕ್ಕೆ ಬರುವಷ್ಟರಲ್ಲಿ ತುಟಿ ಸಡಿಲಿಸಿ, ಕನ್ನಡಿ ಮುಂದೆ ಹತ್ತು ಸಲ ಮಾಡಿ ನೋಡಿ.

'ಪ್ರೆತ'ದ ತಕಾರಕ್ಕೂ ಒಂದು ಎಚ್ಚರ. ಅಲ್ಲಿ ಹೇಳಬೇಕಾದ ಇ 'ಎ' ಅಲ್ಲ, 'ಇ'ಯೂ ಅಲ್ಲ. ನಮ್ಮ ಅಕಾರಕ್ಕೆ ಹತ್ತಿರ, ತುಟಿ ಚೂರು ದುಂಡಗೆ. 'ಪ್ರೆತೆ ಮ್ವಾ' ಅಂದರೆ ನಗುತ್ತಾರೆ. ಕನ್ನಡ ಲಿಪಿಯಲ್ಲಿ ನೀವು ಬರೆದುಕೊಳ್ಳುವುದು ಒಂದು ರೀತಿ ಅನುಕೂಲವೇ: ಬದುಕುವ ಇ-ಗೆ ಬರೀ 'ತ', ಸುಮ್ಮನಿರುವ ಇ-ಗೆ ಅರ್ಧಾಕ್ಷರ 'ತ್'. ಹಾಳೆ ನೋಡಿದರೇ ಲೆಕ್ಕ ಗೊತ್ತಾಗುತ್ತೆ.

ತುಲೂಸ್_ಕನ್ನಡಿಗ

ಮೇಷ್ಟ್ರ ಮಾತಿಗೆ ಒಂದು ತಕರಾರು. 'ಪ್ರೆತ'ದ ತಕಾರವನ್ನು ಇಷ್ಟು ಸ್ಪಷ್ಟ ಹೇಳಿದರೆ ಇವತ್ತಿನ ಕಿವಿಗೆ ಶಾಲಾ ಮಕ್ಕಳ ಪದ್ಯವಾಚನ ಕೇಳಿದ ಹಾಗಾಗುತ್ತೆ. ಇಲ್ಲಿನ ರಂಗದ ಮೇಲೆ ಕೆಲವು ನಟರು ಆ ಇ-ಯನ್ನು ಪೂರ್ತಿ ಹೇಳುವುದಿಲ್ಲ, ಅದರ ಜಾಗದಲ್ಲಿ ಹಿಂದಿನ ಸ್ವರವನ್ನು ಸ್ವಲ್ಪ ಎಳೆದು ಹೊತ್ತು ತುಂಬಿಸುತ್ತಾರೆ. ಕೇಳುವವರಿಗೆ ಸಾಲು ಕುಂಟಿದ ಹಾಗೆ ಅನಿಸುವುದಿಲ್ಲ.

ನಿವೃತ್ತ_ಮೇಷ್ಟ್ರು

ಈಜು ಬಂದವರು ಹಾಗೆ ಮಾಡಲಿ. ಆರು ತಿಂಗಳ ವಿದ್ಯಾರ್ಥಿ ಸ್ವರ ಎಳೆದರೆ ಬರೀ ನಾಲ್ಕೇ ಕೇಳುತ್ತೆ. ಅಲ್ಲದೆ ಕನ್ನಡದವರು ಎಳೆಯಲು ಶುರು ಮಾಡಿದರೆ ಗಮಕಿಗಳ ಮಾತ್ರೆ ವಾಪಸ್ ಬರುತ್ತೆ!

ತುಲೂಸ್_ಕನ್ನಡಿಗ

ಆರಂಭಕ್ಕೆ ನಿಮ್ಮ ದಾರಿ ಸರಿ. ಆದರೆ ಅದೇ ಏಕೈಕ ಸರಿ ದಾರಿ ಅಂದರೆ ನಾನು ಒಪ್ಪಲ್ಲ.

ಸಂಜೆ_ತರಗತಿ

ಶನಿವಾರ ಆಯಿತು! ಒಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಬೆರಳು ಎಣಿಸುತ್ತಾ ಓದಿದೆ. ಎಂಟೂ ಸಾಲು ಕೂಡಿತು. 'ಪೊರ್ತ್' ಒಂದು ಕಡೆ 'ಪೊರ್ತು' ಆಯಿತು, ಟೀಚರು ಹುಬ್ಬು ಏರಿಸಿದರು, ಮತ್ತೆ ಹೇಳಿಸಿದರು.

ಈಗ ಹೊಸ ತಲೆನೋವು. ಮುಂದಿನ ಸಲಕ್ಕೆ ವರ್ಲೆನ್ ಅವರ ಶರತ್ಕಾಲದ ಪದ್ಯ, 1866ರದು. ನಾಲ್ಕು, ನಾಲ್ಕು, ಮೂರು ಅಂತ ಸಾಲುಗಳಂತೆ. ಮೊದಲ ಸಾಲು ಬಂತು: ಲೆ – ಸಾಂ – ಗ್ಲೊ – ಲೊಂ, ನಾಲ್ಕು. ಎರಡನೆಯದು ದೆ – ವ್ಯೊ – ಲೊಂ, ಮೂರೇ ಆಗುತ್ತಿದೆ. ಇಲ್ಲಿ ಇ-ಯೂ ಇಲ್ಲ ದೂರಲು. ಮೂರನೆಯದು ದ – ಲೊ – ತೊನ್, ಮೂರು, ಸರಿ. ನಾಲ್ಕನೆಯದು ಬ್ಲೆಸ್ – ಮೊಂ – ಕರ್, ಮತ್ತೆ ಮೂರು. ನಾಲ್ಕು ಬೇಕಲ್ಲ?

ನಿವೃತ್ತ_ಮೇಷ್ಟ್ರು

ಶಾಭಾಷ್. ನಾಲ್ಕನೇ ಸಾಲಿನ ಮೊದಲ ಪದದ ಕೊನೆಯಲ್ಲಿ ಇ, ಎನ್, ಟಿ ಅಂತ ಮೂರು ಅಕ್ಷರ ಇವೆಯಲ್ಲ, ಬಹುವಚನದ ಕ್ರಿಯಾಪದ. ಅದೂ ನಮ್ಮ ಇ-ಯೇ, ಹಿಂದೆ ಎರಡು ಅಕ್ಷರ ಬಾಲ ಅಷ್ಟೆ. ಮುಂದೆ ಮಕಾರ. ಬ್ಲೆ – ಸ – ಮೊಂ – ಕರ್. ನಾಲ್ಕು.

'ವ್ಯೊಲೊಂ' ಬೇರೆ ಕಥೆ. ಮಾತಿನಲ್ಲಿ ಅದು ಎರಡೇ, ಪದ್ಯದಲ್ಲಿ ಬಿಡಿಸಿ ಹೇಳಬೇಕು, ವಿ – ಒ – ಲೊಂ. ದೆ – ವಿ – ಒ – ಲೊಂ, ನಾಲ್ಕು. ಪಿಟೀಲಿನ ಕಮಾನು ಎಳೆದ ಹಾಗೆ ಕೇಳುತ್ತೆ, ನನಗಂತೂ.

ಹುಬ್ಬಳ್ಳಿ_ಹುಡುಗ

ಹಂಗಾರ ಪ್ಯೆರೊ ಯಾಕ 'ಪಿ – ಎ – ರೊ' ಆಗಲಿಲ್ಲ? ದ್ಯೋ ಯಾಕ 'ದಿ – ಓ' ಆಗಲಿಲ್ಲ? ಎಲ್ಲಿ ಬಿಡಸಬೇಕು, ಎಲ್ಲಿ ಕೂಡಸಬೇಕು ಅಂತ ಹೆಂಗ ಗೊತ್ತಾಗ್ತದ?

ನಿವೃತ್ತ_ಮೇಷ್ಟ್ರು

ಪದ ಪದಕ್ಕೂ ರೂಢಿ ಇದೆ, ಆದರೆ ಕವಿಗಳೇ ಅದನ್ನು ಮುರಿಯುತ್ತಾರೆ. 'ಆಂಸ್ಯೆಂ' ಅನ್ನುವ ಪದವನ್ನು ಹಳೆಯ ಕವಿಗಳು ಆಂ – ಸಿ – ಎಂ ಅಂತ ಮೂರಾಗಿ ಎಣಿಸುತ್ತಿದ್ದರು. ವರ್ಲೆನ್ ಇದೇ ಪದ್ಯದ ಎರಡನೇ ನುಡಿಯಲ್ಲಿ ಅದನ್ನು ಎರಡಾಗಿ ಎಣಿಸಿದ್ದಾರೆ. ಹಾಗಾಗಿ ಸುತ್ತಲ ಸಾಲುಗಳ ಸಂಖ್ಯೆ ನೋಡಿ ಹಿಂದಕ್ಕೆ ಲೆಕ್ಕ ಹಾಕುವುದೇ ದಾರಿ. ಅನುಮಾನ ಬಂದ ಸಾಲನ್ನು ಬಿಟ್ಟು ಉಳಿದವನ್ನು ಮೊದಲು ಎಣಿಸಿ, ಅಲ್ಲಿ ನಾಲ್ಕು ಬಂದರೆ ಇಲ್ಲೂ ನಾಲ್ಕು ಬೇಕು.

ಹುಬ್ಬಳ್ಳಿ_ಹುಡುಗ

ಇದು ಉತ್ತರ ನೋಡಿ ಗಣಿತ ಮಾಡಿದಂಗ ಆತ್ರಿ.

ನಿವೃತ್ತ_ಮೇಷ್ಟ್ರು

ಆಯಿತು. ಬೇರೆ ದಾರಿ ಗೊತ್ತಿದ್ದರೆ ನನಗೂ ಹೇಳಿ.

ಪಿಯುಸಿ_ಅಮ್ಮ

ಮಗಳು ಇದನ್ನೆಲ್ಲ ಓದಿ ಆ ಬೆಳದಿಂಗಳ ಹಾಡಿನ ಎರಡನೇ ನುಡಿ ಎಣಿಸುತ್ತಾ ಕೂತಿದ್ದಾಳೆ. ಪ್ಯೆರೊ ಒಳಗಿಂದ "ನಾನು ಹಾಸಿಗೆಯಲ್ಲಿದ್ದೇನೆ, ಪಕ್ಕದ ಮನೆಯವಳ ಹತ್ತಿರ ಹೋಗು, ಅವಳು ಇದ್ದಾಳೆ ಅನಿಸುತ್ತೆ" ಅಂತಾನಲ್ಲ, ಆ 'ಇದ್ದಾಳೆ ಅನಿಸುತ್ತೆ' ಅನ್ನುವ ಸಾಲು ಅವಳಿಗೆ ಆರು ಬರುತ್ತಿದೆ: ಜ – ಕ್ರ್ವಾ – ಕೆ – ಲ – ಇ – ಎ. 'ಎಲ್' ಕೊನೆಯಲ್ಲಿ ಇ ಇದೆ, ಮುಂದೆ ಬರುವುದು ವೈ ಅಕ್ಷರ, ಅದು ವ್ಯಂಜನ ಅಲ್ಲವಾ ಅಂತ ಕೇಳುತ್ತಿದ್ದಾಳೆ.

ಸಂಜೆ_ತರಗತಿ

ಇದಕ್ಕೆ ನಾನು ಹೇಳಲಾ ಮೇಷ್ಟ್ರೇ? ಪುಟ್ಟಿ, ಅಕ್ಷರ ನೋಡಬೇಡ, ದನಿ ಕೇಳು. ಆ ವೈ ಅಲ್ಲಿ 'ಇ' ಅಂತ ಹೇಳೋದು, ಸ್ವರ. ಹಾಗಾಗಿ 'ಎಲ್'ನ ಕೊನೆಯದು ಕರಗುತ್ತೆ. ಜ – ಕ್ರ್ವಾ – ಕೆ – ಲಿ – ಎ. ಕಿರುಬೆರಳಿಗೆ ಬಂತಾ?

ಪಿಯುಸಿ_ಅಮ್ಮ

ಬಂತಂತೆ. ಈಗ ಅಡುಗೆಮನೆಯಲ್ಲಿ ನನ್ನ ಕೈ ಹಿಡಿದು ನನ್ನ ಬೆರಳಲ್ಲಿ ಎಣಿಸುತ್ತಿದ್ದಾಳೆ, ಒಗ್ಗರಣೆ ಸೀಯುತ್ತಿದೆ, ಆಮೇಲೆ ಬರುತ್ತೇನೆ.